ಬಾಯಿಗೂಡಿದ ಮೇಲಿನ ವಯಸ್ಸು

ದನದ ಜಾತ್ರೆಯಲ್ಲಿ ಎತ್ತಿನ ವಯಸ್ಸನ್ನು ಮಾರುವವನ ಮಾತು ನಂಬಿ ಯಾರೂ ತೀರ್ಮಾನಿಸುವುದಿಲ್ಲ. ಬಾಯಿ ಬಿಡಿಸಿ ನೋಡುತ್ತಾರೆ. ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಆರು ಹಲ್ಲಿನದು ಎಂದು ಲೆಕ್ಕ ನಡೆಯುತ್ತದೆ. ಎಂಟೂ ಹಲ್ಲು ಬಂದ ಮೇಲೆ ‘ಬಾಯಿಗೂಡಿದೆ’ ಎನ್ನುತ್ತಾರೆ. ಅಲ್ಲಿಗೆ ನಿಖರವಾದ ಲೆಕ್ಕ ಮುಗಿಯಿತು. ಆಮೇಲೆ ಹಲ್ಲಿನ ಸವೆತ, ಕೊಂಬಿನ ಬಳೆ, ಮೈಯ ಸಡಿಲ ನೋಡಿ ಅಂದಾಜು ಹೇಳಬೇಕು. ಅಂದಾಜು ಎಂದ ಮೇಲೆ ಚೌಕಾಸಿಗೂ ಜಾಗ ಉಂಟು.

ಸಮಾಧಿಗಳಿಂದ ಸಿಕ್ಕ ಮನುಷ್ಯರ ಎಲುಬುಗಳನ್ನು ಓದುವವರ ಕಷ್ಟವೂ ಇದೇ. ಹದಿನೆಂಟು ಇಪ್ಪತ್ತರೊಳಗೆ ಸತ್ತವರ ವಯಸ್ಸು ಹೇಳುವುದು ಅಷ್ಟೇನೂ ಕಷ್ಟವಲ್ಲ. ಯಾವ ಹಲ್ಲು ಎಷ್ಟು ಬೆಳೆದಿದೆ, ಯಾವ ಎಲುಬಿನ ತುದಿ ಕೂಡಿಕೊಂಡಿದೆ ಎಂಬುದಕ್ಕೆ ಸಾಕಷ್ಟು ಬಿಗಿಯಾದ ವೇಳಾಪಟ್ಟಿ ಇದೆ. ಬುದ್ಧಿಹಲ್ಲು ಬಂದು ಎಲುಬೆಲ್ಲ ಕೂಡಿದ ಮೇಲೆ ಬೆಳವಣಿಗೆ ಮುಗಿದು ಸವೆತ ಶುರುವಾಗುತ್ತದೆ. ಸವೆತಕ್ಕೆ ವೇಳಾಪಟ್ಟಿ ಇಲ್ಲ. ರಾಗಿ ಬೀಸಿ ಹೊತ್ತು ದುಡಿದವಳ ಬೆನ್ನು ಮೂವತ್ತೈದಕ್ಕೇ ಐವತ್ತರಂತಿರಬಹುದು, ಕೂತು ಉಂಡವನದು ಅರವತ್ತಕ್ಕೂ ನಲವತ್ತರಂತಿರಬಹುದು.

ನನ್ನ ಪಿಎಚ್.ಡಿ. ಕೆಲಸ ಪ್ರಾಚೀನ ಸಮಾಧಿಗಳ ಜನಸಂಖ್ಯೆಯ ಕುರಿತದ್ದು. ಈ ಓದಿನಲ್ಲಿ ಪದೇ ಪದೇ ಎದುರಾಗುವ ವಾಕ್ಯವೊಂದಿದೆ: ‘ಹಿಂದಿನ ಕಾಲದಲ್ಲಿ ಜನ ನಲವತ್ತಕ್ಕೆಲ್ಲ ಸಾಯುತ್ತಿದ್ದರು.’ ಪಠ್ಯಪುಸ್ತಕಗಳಲ್ಲೂ ಇದೆ, ಊಟದ ಮನೆಯ ಹರಟೆಯಲ್ಲೂ ಇದೆ. ಹುಟ್ಟಿದ ಮಕ್ಕಳಲ್ಲಿ ಬಹಳಷ್ಟು ಮಂದಿ ಬೇಗ ಸಾಯುತ್ತಿದ್ದುದರಿಂದ ಸರಾಸರಿ ಕೆಳಗಿಳಿಯುತ್ತಿತ್ತು ಎಂಬುದು ಒಂದು ಕಾರಣ, ಅದು ಈಗ ಹೆಚ್ಚು ಕಡಿಮೆ ಎಲ್ಲರಿಗೂ ಗೊತ್ತು. ಇನ್ನೊಂದು ಕಾರಣದ ಬಗ್ಗೆ ಮಾತು ಕಡಿಮೆ. ಅಜ್ಜ ಅಜ್ಜಿಯರ ಎಲುಬುಗಳು ನಮ್ಮ ಕೈಗೆ ಸಿಕ್ಕಾಗಲೂ ನಾವು ಅವರನ್ನು ನಡುವಯಸ್ಸಿನವರೆಂದು ಬರೆದುಕೊಂಡಿದ್ದೇವೆಯೇ? ಹೌದು ಎನ್ನಲು ಲಂಡನ್ನಿನ ಒಂದು ನೆಲಮಾಳಿಗೆಯಲ್ಲಿ ಗಟ್ಟಿ ಪುರಾವೆ ಸಿಕ್ಕಿತು.

ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಎಂಬ ಭಾಗದಲ್ಲಿ ಕ್ರೈಸ್ಟ್ ಚರ್ಚ್ ಇದೆ. ನಿಕೊಲಸ್ ಹಾಕ್ಸ್‌ಮೂರ್ ವಿನ್ಯಾಸ ಮಾಡಿದ ಈ ಚರ್ಚು ಮುಗಿದದ್ದು 1729ರಲ್ಲಿ. ಅಲ್ಲಿಂದ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಅದರ ನೆಲಮಾಳಿಗೆಯಲ್ಲಿ ಶವಪೆಟ್ಟಿಗೆಗಳನ್ನು ಇಡುತ್ತಿದ್ದರು. ಆ ಪ್ರದೇಶ ರೇಷ್ಮೆ ನೇಯ್ಗೆಗೆ ಹೆಸರಾದದ್ದು. ಧಾರ್ಮಿಕ ಕಿರುಕುಳಕ್ಕೆ ಬೆದರಿ ಫ್ರಾನ್ಸಿನಿಂದ ಬಂದ ಹ್ಯೂಗೆನಾಟ್ ಕುಟುಂಬಗಳ ಸಂತತಿಯವರು ಅಲ್ಲಿ ಬಹಳ ಮಂದಿ ಇದ್ದರು. 1984ರಿಂದ 1986ರವರೆಗೆ ಪುರಾತತ್ವಜ್ಞರು ಆ ನೆಲಮಾಳಿಗೆಯನ್ನು ತೆರವು ಮಾಡಿದಾಗ ಸುಮಾರು ಸಾವಿರ ಜನರ ಅವಶೇಷಗಳು ಹೊರಬಂದವು. ಅವರಲ್ಲಿ ನಾನೂರಕ್ಕೆ ತುಸು ಕಡಿಮೆ ಜನರ ಪೆಟ್ಟಿಗೆಗಳ ಮೇಲಿನ ಲೋಹದ ಫಲಕ ಉಳಿದಿತ್ತು, ಅದರ ಮೇಲೆ ಹೆಸರು, ಸತ್ತ ದಿನ, ವಯಸ್ಸು ಕೆತ್ತಿತ್ತು.

ಪ್ರಶ್ನೆಪತ್ರಿಕೆಯೂ ಉತ್ತರಪತ್ರಿಕೆಯೂ ಒಟ್ಟಿಗೆ ಸಿಕ್ಕ ಹಾಗಾಯಿತು. ಫಲಕ ನೋಡದೆ ಎಲುಬು ಮಾತ್ರ ನೋಡಿ ವಯಸ್ಸು ಹೇಳಿದರು, ಆಮೇಲೆ ಎರಡನ್ನೂ ಇಟ್ಟು ತಾಳೆ ನೋಡಿದರು. ಥಿಯಾ ಮಾಲೆಸನ್ ಮತ್ತು ಮಾರ್ಗರೆಟ್ ಕಾಕ್ಸ್ 1993ರಲ್ಲಿ ಪ್ರಕಟಿಸಿದ ವರದಿ ಈ ಕ್ಷೇತ್ರದ ಆತ್ಮವಿಶ್ವಾಸವನ್ನೇ ಅಲುಗಿಸಿತು. ನಿಜವಾದ ವಯಸ್ಸಿನಿಂದ ಐದು ವರ್ಷದೊಳಗೆ ಉತ್ತರ ಬಂದದ್ದು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಜನರ ವಿಷಯದಲ್ಲಿ. ತಪ್ಪುಗಳು ಎತ್ತೆತ್ತಲೋ ಚೆದುರಿರಲಿಲ್ಲ, ಒಂದು ದಿಕ್ಕಿಗೆ ವಾಲಿದ್ದವು ಎಂಬುದು ಇನ್ನೂ ಮುಖ್ಯವಾದ ಸಂಗತಿ. ನಲವತ್ತರೊಳಗೆ ಸತ್ತವರಿಗೆ ಇದ್ದದ್ದಕ್ಕಿಂತ ಹೆಚ್ಚು ವಯಸ್ಸು ಬಿತ್ತು, ಎಪ್ಪತ್ತು ದಾಟಿದವರಿಗೆ ಕಡಿಮೆ ಬಿತ್ತು. ಎಲ್ಲರೂ ನಡುವಿಗೆ ಸರಿದರು.

ಹೀಗೇಕೆ ಆಗುತ್ತದೆಂದು ಫ್ರಾನ್ಸಿನ ಜ್ಯಾನ್-ಪಿಯೆರ್ ಬೊಕೆ-ಅಪೆಲ್ ಮತ್ತು ಕ್ಲೋದ್ ಮಾಸೆ 1982ರಲ್ಲೇ ಹೇಳಿದ್ದರು. ಪ್ರಾಚೀನ ಜನಸಂಖ್ಯಾ ಅಧ್ಯಯನಕ್ಕೇ ವಿದಾಯ ಹೇಳುವಂತಿದ್ದ ಅವರ ಲೇಖನದ ವಾದ ಸರಳ. ಎಲುಬಿನ ಲಕ್ಷಣ ನೋಡಿ ವಯಸ್ಸು ಹೇಳಲು ವಯಸ್ಸು ಗೊತ್ತಿರುವ ಒಂದಷ್ಟು ಅಸ್ಥಿಪಂಜರಗಳ ಸಂಗ್ರಹ ಬೇಕು. ಆ ಸಂಗ್ರಹದಲ್ಲಿ ನಡುವಯಸ್ಸಿನವರು ಹೆಚ್ಚಿದ್ದರೆನ್ನಿ. ಒಂದು ಬಗೆಯ ಸವೆತ ಇಪ್ಪತ್ತು ಮಂದಿ ನಲವತ್ತರವರಲ್ಲೂ ಹತ್ತು ಮಂದಿ ಎಪ್ಪತ್ತರವರಲ್ಲೂ ಕಂಡರೆ ಅದರ ಸರಾಸರಿ ಐವತ್ತಾಗುತ್ತದೆ. ಮುಂದೆ ಯಾವುದೋ ಊರಿನ ಸಮಾಧಿಯಲ್ಲಿ ಅದೇ ಸವೆತದ ಎಪ್ಪತ್ತರ ಅಜ್ಜಿ ಸಿಕ್ಕರೆ ಆಕೆಗೂ ಐವತ್ತೇ. ಊರಿನ ತುಂಬ ಅಜ್ಜಿಯರೇ ಇದ್ದರೂ ಉತ್ತರ ಐವತ್ತೇ. ಲಕ್ಷಣಕ್ಕೂ ವಯಸ್ಸಿಗೂ ನಂಟು ಸಡಿಲವಾದಷ್ಟೂ ಉತ್ತರ ಎದುರಿನ ಅಸ್ಥಿಪಂಜರದ್ದಾಗದೆ ಹಳೆಯ ಸಂಗ್ರಹದ ನೆರಳಾಗುತ್ತದೆ.

ಹಾಗಾದರೆ ದುಡಿಮೆ, ಊಟ, ರೋಗ ಇವುಗಳಿಗೆ ಜಗ್ಗದೆ ವರ್ಷಗಳನ್ನು ಮಾತ್ರ ಎಣಿಸುವ ಏನಾದರೂ ದೇಹದಲ್ಲಿದೆಯೇ? ಎಲುಬಿನಲ್ಲಿ ಹುಡುಕಿ ಫಲವಿಲ್ಲ. ಎಲುಬು ಬದುಕಿನುದ್ದಕ್ಕೂ ತನ್ನನ್ನು ತಾನೇ ಒಡೆದು ಕಟ್ಟಿಕೊಳ್ಳುತ್ತಿರುತ್ತದೆ. ಹಲ್ಲು ಹಾಗಲ್ಲ. ಹೊರಗೆ ಎನಾಮೆಲ್, ಅದರೊಳಗೆ ಹಲ್ಲಿನ ಬಹುಭಾಗವಾದ ಡೆಂಟಿನ್, ಬೇರಿನ ಸುತ್ತ ತೆಳ್ಳಗೆ ಬಳಿದಂತಿರುವ ಸಿಮೆಂಟಂ. ಎಳವೆಯಲ್ಲಿ ಕಟ್ಟಿದ ಡೆಂಟಿನ್ ಸಾಯುವವರೆಗೂ ಹಾಗೇ ಇರುತ್ತದೆ, ಅದರೊಳಗಿನ ಪ್ರೋಟೀನು ಬದಲಾಗಿ ಹೊಸದು ಬರುವುದಿಲ್ಲ. ಸಿಮೆಂಟಂ ಮಾತ್ರ ಹಳೆಯದನ್ನು ಕಳೆದುಕೊಳ್ಳದೆ ಪದರದ ಮೇಲೆ ಪದರವಾಗಿ ಬೆಳೆಯುತ್ತ ಹೋಗುತ್ತದೆ. ಒಂದು ಬದಲಾಗದೆ ಹಳತಾಗುತ್ತದೆ, ಇನ್ನೊಂದು ಹಳತನ್ನು ಉಳಿಸಿಕೊಂಡು ಬೆಳೆಯುತ್ತದೆ. ಎರಡರಿಂದಲೂ ಗಡಿಯಾರ ಮಾಡಬಹುದು. ಆದರೆ ಒಂದರ ಗಡಿಯಾರ ಸಾವಿಗೆ ನಿಲ್ಲುತ್ತದೆ, ಇನ್ನೊಂದರದು ನಿಲ್ಲುವುದಿಲ್ಲ. ಇತಿಹಾಸದವರಿಗೆ ಇದರಷ್ಟು ಮುಖ್ಯವಾದ ವ್ಯತ್ಯಾಸ ಬೇರೆ ಇಲ್ಲ.

ಮೊದಲು ನಿಲ್ಲದ ಗಡಿಯಾರದ ವಿಷಯ. ಪ್ರೋಟೀನುಗಳು ಅಮೈನೋ ಆಮ್ಲಗಳ ಸರಪಳಿಗಳು. ಬಹುತೇಕ ಅಮೈನೋ ಆಮ್ಲಗಳಿಗೆ ಎರಡು ರೂಪಗಳಿರಬಲ್ಲವು, ನಮ್ಮ ಎಡಗೈ ಬಲಗೈಗಳ ಹಾಗೆ. ಅಳತೆಯೆಲ್ಲ ಒಂದೇ, ಆದರೆ ಎಡಗೈ ಚೀಲ ಬಲಗೈಗೆ ಹಿಡಿಸದು. ನಮ್ಮ ದೇಹ ಪ್ರೋಟೀನು ಕಟ್ಟುವಾಗ ಎಡಗೈ ರೂಪವನ್ನೇ ಬಳಸುತ್ತದೆ. ಕಟ್ಟಿ ಬಿಟ್ಟ ಮೇಲೆ ಅವು ನಿಧಾನವಾಗಿ ತಾವಾಗಿಯೇ ಬಲಗೈ ರೂಪಕ್ಕೆ ಹೊರಳತೊಡಗುತ್ತವೆ. ಎಡ ಬಲ ಸಮಸಮವಾಗುವವರೆಗೂ ಇದು ನಡೆಯುತ್ತದೆ. ಹೆಚ್ಚಿನ ಅಮೈನೋ ಆಮ್ಲಗಳಲ್ಲಿ ಈ ಹೊರಳಾಟ ಎಷ್ಟು ನಿಧಾನವೆಂದರೆ ಒಬ್ಬರ ಆಯುಸ್ಸಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಅಸ್ಪಾರ್ಟಿಕ್ ಆಮ್ಲದ್ದು ಮಾತ್ರ ಬೇಗ.

ಕ್ಯಾಲಿಫೋರ್ನಿಯಾದ ಪ್ಯಾಟ್ರಿಷಿಯಾ ಹೆಲ್ಫ್‌ಮನ್ ಮತ್ತು ಜೆಫ್ರಿ ಬಾಡಾ 1975ರಲ್ಲಿ ಬದುಕಿರುವವರ ಹಲ್ಲಿನ ಎನಾಮೆಲ್ ಪರೀಕ್ಷಿಸಿ ವಯಸ್ಸಾದಂತೆ ಬಲಗೈ ಅಸ್ಪಾರ್ಟಿಕ್ ಆಮ್ಲ ಹೆಚ್ಚುತ್ತದೆಂದು ತೋರಿಸಿದರು. ಅರವತ್ತು ವರ್ಷಕ್ಕೆ ಒಟ್ಟು ಅಸ್ಪಾರ್ಟಿಕ್ ಆಮ್ಲದಲ್ಲಿ ನೂರಕ್ಕೆ ಸುಮಾರು ಎಂಟು ಪಾಲು ಬಲಗೈ ರೂಪದ್ದಾಗಿರುತ್ತದೆ ಎಂಬುದು ಅವರ ಲೆಕ್ಕ. ರಕ್ತದ ಹಿಮೋಗ್ಲೋಬಿನ್‌ನಲ್ಲಿ ಹೀಗೆ ಕಾಣಲಿಲ್ಲ. ಅದು ಸದಾ ಹೊಸದಾಗುತ್ತಿರುವುದರಿಂದ ಅದಕ್ಕೆ ವಯಸ್ಸೇ ಆಗುವುದಿಲ್ಲ. ಮರುವರ್ಷ ಅವರೇ ಡೆಂಟಿನ್ ಕೂಡ ಇದೇ ರೀತಿ ವಯಸ್ಸು ತೋರಿಸುತ್ತದೆಂದು ಬರೆದರು. ಆಮೇಲೆ ಜಪಾನಿನ ಓತಾನಿ ಮತ್ತು ಜರ್ಮನಿಯ ರಿಟ್ಸ್-ಟಿಮ್ಮೆ ಮೊದಲಾದವರು ವಿಧಿವಿಜ್ಞಾನದ ಪ್ರಯೋಗಾಲಯಗಳಲ್ಲಿ ಈ ವಿಧಾನವನ್ನು ಹದಕ್ಕೆ ತಂದರು. ಇತ್ತೀಚೆಗೆ ಸತ್ತವರ ಒಳ್ಳೆಯ ಹಲ್ಲಾದರೆ ಮೂರು ನಾಲ್ಕು ವರ್ಷದ ಅಂತರದೊಳಗೆ ವಯಸ್ಸು ಹೇಳಲು ಸಾಧ್ಯ. ಬಾಯಿಗೂಡಿದ ಮನುಷ್ಯನ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ಕೆಲಸ ನಡೆಯುವ ಬಗೆ ಹೀಗೆ. ಹಲ್ಲನ್ನು ಉದ್ದಕ್ಕೆ ಕೊಯ್ದು ಸುಮಾರು ಒಂದು ಮಿಲಿಮೀಟರು ದಪ್ಪದ ಹೋಳು ತೆಗೆಯುತ್ತಾರೆ. ಎನಾಮೆಲ್, ಸಿಮೆಂಟಂ, ಹುಳುಕು ಎಲ್ಲವನ್ನೂ ಕೆರೆದು ಡೆಂಟಿನ್ ಮಾತ್ರ ಉಳಿಸುತ್ತಾರೆ. ಹಲ್ಲಿನ ಒಳಗೋಡೆಗೆ ಬದುಕಿನುದ್ದಕ್ಕೂ ಸ್ವಲ್ಪ ಸ್ವಲ್ಪ ಹೊಸ ಡೆಂಟಿನ್ ಅಂಟುತ್ತಿರುತ್ತದೆ, ಅದು ಸೇರಿದರೆ ವಯಸ್ಸು ಕಡಿಮೆ ಬರುವುದರಿಂದ ಅದನ್ನೂ ಕಳೆಯಬೇಕು. ಉಳಿದದ್ದನ್ನು ತೊಳೆದು, ಪುಡಿ ಮಾಡಿ, ಕಟುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೂರು ಡಿಗ್ರಿಯ ಸುಮಾರಿನಲ್ಲಿ ಗಂಟೆಗಟ್ಟಲೆ ಕಾಯಿಸಿದರೆ ಸರಪಳಿ ಕಡಿದು ಅಮೈನೋ ಆಮ್ಲಗಳು ಬಿಡಿಬಿಡಿಯಾಗುತ್ತವೆ. ಅವನ್ನು ಎಡ ಬಲ ಬೇರ್ಪಡಿಸಬಲ್ಲ ಕ್ರೊಮ್ಯಾಟೊಗ್ರಫಿ ಯಂತ್ರಕ್ಕೆ ಕೊಟ್ಟು ಎರಡರ ಪ್ರಮಾಣ ಅಳೆಯುತ್ತಾರೆ. ಇಲ್ಲೊಂದು ತಮಾಷೆ ಇದೆ. ಹೀಗೆ ಆಮ್ಲದಲ್ಲಿ ಕಾಯಿಸುವುದರಿಂದಲೇ ಒಂದಷ್ಟು ಎಡಗೈಗಳು ಬಲಗೈಗಳಾಗಿಬಿಡುತ್ತವೆ. ಈಗಷ್ಟೇ ಕಟ್ಟಿದ ಹಲ್ಲನ್ನು ಪರೀಕ್ಷಿಸಿದರೂ ಉತ್ತರ ಸೊನ್ನೆ ಬರುವುದಿಲ್ಲ. ಆದ್ದರಿಂದ ವಯಸ್ಸು ಗೊತ್ತಿರುವ, ಅದೇ ಜಾತಿಯ ಹಲ್ಲುಗಳನ್ನು ಅದೇ ಶಾಖದಲ್ಲಿ ಅಷ್ಟೇ ಹೊತ್ತು ಕಾಯಿಸಿ ಪಕ್ಕದಲ್ಲಿಟ್ಟು ಹೋಲಿಸಬೇಕು. ಒಂದು ಪ್ರಯೋಗಾಲಯದ ಕೋಷ್ಟಕವನ್ನು ಇನ್ನೊಂದು ಪ್ರಯೋಗಾಲಯ ಎರವಲು ತರುವಂತಿಲ್ಲ.

ಪುರಾತತ್ವದ ಹಲ್ಲಿಗೆ ಈ ವಿಧಾನ ಹಚ್ಚಿದ ಉದಾಹರಣೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಅಲಾಸ್ಕದ ಒಬ್ಬ ಹೆಂಗಸಿನದು. ಬೇರಿಂಗ್ ಸಮುದ್ರದ ಸೇಂಟ್ ಲಾರೆನ್ಸ್ ದ್ವೀಪದಲ್ಲಿ 1972ರಲ್ಲಿ ಕಡಲಂಚಿನ ಹೆಪ್ಪುಗಟ್ಟಿದ ನೆಲ ಕುಸಿದು ಒಂದು ದೇಹ ಹೊರಬಿತ್ತು. ಸುಮಾರು 1600 ವರ್ಷದ ಹಿಂದಿನದು. ತೋಳು ಕೈಗಳ ಮೇಲಿನ ಹಚ್ಚೆ ಕೂಡ ಉಳಿದಿತ್ತು. ಶವಪರೀಕ್ಷೆ ಮಾಡಿದ ಮೈಕೆಲ್ ಜಿಮ್ಮರ್‌ಮನ್ ಶ್ವಾಸಕೋಶದ ಕೊಳವೆಗಳಲ್ಲಿ ಹಾವಸೆಯ ಎಳೆಗಳನ್ನು ಕಂಡರು. ಮಣ್ಣೋ ಮನೆಯೋ ಕುಸಿದು ಮೇಲೆ ಬಿದ್ದಾಗ ಆಕೆ ಇನ್ನೂ ಉಸಿರಾಡುತ್ತಿದ್ದಳು, ಉಸಿರುಗಟ್ಟಿ ಸತ್ತಳು ಎಂದು ಅವರ ತೀರ್ಮಾನ. 1978ರಲ್ಲಿ ಪ್ಯಾಟ್ರಿಷಿಯಾ ಮಾಸ್ಟರ್ಸ್ ಮತ್ತು ಜಿಮ್ಮರ್‌ಮನ್ ಆಕೆಯ ಹಲ್ಲಿನ ಅಸ್ಪಾರ್ಟಿಕ್ ಆಮ್ಲ ಅಳೆದು, ಸತ್ತಾಗ ಆಕೆಗೆ 53 ವರ್ಷ, ಐದು ವರ್ಷ ಆಚೀಚೆ ಎಂದು ಹೇಳಿದರು. ದೇಹ ನೋಡಿ ಮಾಡಿದ್ದ ಅಂದಾಜಿಗೂ ಇದು ಹೊಂದಿತು.

ಸಾವಿರದ ಆರುನೂರು ವರ್ಷ ನೆಲದಲ್ಲಿದ್ದ ಹಲ್ಲು ಐವತ್ತಮೂರು ವರ್ಷದ ಬದುಕನ್ನು ಮಾತ್ರ ಹೇಗೆ ಹೇಳಿತು? ಎಡ ಬಲ ಹೊರಳುವುದು ಶುದ್ಧ ರಸಾಯನ ಕ್ರಿಯೆ, ಅದಕ್ಕೆ ಜೀವ ಬೇಕಿಲ್ಲ, ಶಾಖ ಸಾಕು. ಬದುಕಿದ್ದಾಗ ಬಾಯಿಯ ಶಾಖ 37 ಡಿಗ್ರಿಯ ಆಸುಪಾಸು. ಸತ್ತ ಮೇಲೆ ನೆಲದ ಶಾಖ ಎಷ್ಟೋ ಅಷ್ಟು. ಈ ಕ್ರಿಯೆಗೆ ಬೇಕಾಗುವ ಚಾಲಕ ಶಕ್ತಿ ಮೋಲಿಗೆ ಸುಮಾರು 130 ಕಿಲೋಜೂಲ್ ಎಂದು ಹಿಡಿದು ನಾನೇ ಒಂದು ಒರಟು ಲೆಕ್ಕ ಹಾಕಿದ್ದೇನೆ. ಸೊನ್ನೆ ಡಿಗ್ರಿಯಲ್ಲಿ ಇದು ದೇಹದಲ್ಲಿದ್ದುದಕ್ಕಿಂತ ಸುಮಾರು ಒಂಬೈನೂರು ಪಟ್ಟು ನಿಧಾನವಾಗುತ್ತದೆ. ಅಂದರೆ ನೆಲದೊಳಗಿನ ಒಂಬೈನೂರು ವರ್ಷ ಬದುಕಿನ ಒಂದು ವರ್ಷಕ್ಕೆ ಸಮ. ಆ ಹೆಂಗಸಿನ 1600 ವರ್ಷಗಳ ನಿದ್ದೆ ಸೇರಿಸಿದ್ದು ಎರಡು ವರ್ಷಕ್ಕಿಂತ ಕಡಿಮೆ. ಐದು ವರ್ಷದ ಅನುಮಾನದೊಳಗೆ ಅದು ಕಾಣಿಸಿಕೊಳ್ಳುವುದೇ ಇಲ್ಲ.

ಇದೇ ಲೆಕ್ಕವನ್ನು ಸ್ಪಿಟಲ್‌ಫೀಲ್ಡ್ಸ್‌ಗೆ ಹಾಕೋಣ. ಲಂಡನ್ನಿನ ನೆಲದ ವರ್ಷದ ಸರಾಸರಿ ಶಾಖ ಹನ್ನೊಂದು ಡಿಗ್ರಿಯೆಂದರೆ ಅಲ್ಲಿನ ನೂರು ವರ್ಷ ಬದುಕಿನ ಒಂದು ವರ್ಷ. ಇನ್ನೂರೈವತ್ತು ವರ್ಷ ಇದ್ದವರಿಗೂ ಎರಡೂವರೆ ವರ್ಷ ಸೇರಬೇಕು, ಅಷ್ಟೆ. ಫಲಕದ ಮೇಲಿನ ವಯಸ್ಸಿಗೆ ಉತ್ತರ ಅಂಟಿಕೊಂಡೇ ಬರಬೇಕಿತ್ತು. ಬರಲಿಲ್ಲ. ಮಾರ್ಕ್ ಪೊಲಾರ್ಡ್ ಮತ್ತವರ ಜೊತೆಗಾರರು ಸ್ಪಿಟಲ್‌ಫೀಲ್ಡ್ಸ್‌ನ ಹಲ್ಲುಗಳನ್ನು ಪರೀಕ್ಷಿಸಿದಾಗ, ದಂತವೈದ್ಯರು ಈಗ ಕಿತ್ತ ಹಲ್ಲುಗಳಲ್ಲಿ ಕಾಣುವ ಬಿಗಿಯಾದ ನಂಟು ಇಲ್ಲಿ ಸಿಗಲಿಲ್ಲ, ಉತ್ತರಗಳು ಚೆದುರಿಹೋದವು. ಶಾಖದಿಂದ ಮಾತ್ರ ಇದನ್ನು ವಿವರಿಸಲಾಗದು.

ಹಾಗಾದರೆ ಏನಾಯಿತು? ಡೆಂಟಿನ್‌ನ ಮುಖ್ಯ ಪ್ರೋಟೀನು ಕೊಲಾಜೆನ್. ಮೂರು ಎಳೆಗಳನ್ನು ಹಗ್ಗದ ಹಾಗೆ ಹೊಸೆದ ರಚನೆ ಅದರದು. ಹೊಸೆತ ಬಿಗಿಯಾಗಿರುವವರೆಗೆ ಒಳಗಿನ ಅಸ್ಪಾರ್ಟಿಕ್ ಆಮ್ಲಕ್ಕೆ ಹೊರಳಲು ಜಾಗವೇ ಇರುವುದಿಲ್ಲ. ಬದುಕಿದ್ದಾಗ ಹೊರಳುವುದು ಹೆಚ್ಚಾಗಿ ಹಗ್ಗದ ಸಡಿಲ ತುದಿಗಳಲ್ಲಿ ಮತ್ತು ಕೊಲಾಜೆನ್ ಅಲ್ಲದ ಇತರ ಪ್ರೋಟೀನುಗಳಲ್ಲಿ. ಹೂತ ಮೇಲೆ ನೀರು, ಆಮ್ಲ, ಸೂಕ್ಷ್ಮಜೀವಿಗಳು ಸೇರಿ ಹಗ್ಗವನ್ನು ಬಿಚ್ಚತೊಡಗಿದರೆ ಒಮ್ಮೆಗೇ ಹೊರಳಾಟ ಚುರುಕಾಗುತ್ತದೆ, ಹಲ್ಲು ಮುದಿಯಾಗಿ ಕಾಣುತ್ತದೆ. ಬಿಚ್ಚಿದ ಎಳೆಗಳು ನೀರಿನಲ್ಲಿ ಕರಗಿ ಹೊರಟುಹೋದರೆ ಹೆಚ್ಚು ಹೊರಳಿದ ಭಾಗವೇ ಕಳೆದುಹೋಗಿ ಹಲ್ಲು ಎಳೆಯದಾಗಿ ಕಾಣಲೂಬಹುದು. ಒಂದೇ ನೆಲಮಾಳಿಗೆಯಲ್ಲಿ ಒಂದು ಪೆಟ್ಟಿಗೆ ಒಣಗಿತ್ತು, ಪಕ್ಕದ್ದು ಒಸರುತ್ತಿತ್ತು ಎಂದಾದರೆ ಇಬ್ಬರ ಗಡಿಯಾರಗಳೂ ಬೇರೆ ಬೇರೆ ದಿಕ್ಕಿಗೆ ಕೆಡುತ್ತವೆ.

ಹೀಗೆ ಕೆಟ್ಟಿದೆಯೆಂದು ತಿಳಿಯುವ ದಾರಿಗಳಿವೆ. ಮೊದಲನೆಯದು, ಹಲ್ಲಿನಲ್ಲಿ ಪ್ರೋಟೀನು ಎಷ್ಟು ಉಳಿದಿದೆ ಮತ್ತು ಅದು ಕೊಲಾಜೆನ್ನೇ ಹೌದೇ ಎಂದು ನೋಡುವುದು. ಕೊಲಾಜೆನ್‌ನಲ್ಲಿ ಮೂರರಲ್ಲೊಂದು ಪಾಲು ಗ್ಲೈಸಿನ್ ಇರುತ್ತದೆ, ಆ ಪಾಲು ತಪ್ಪಿದರೆ ಬೇರೇನೋ ಬೆರೆತಿದೆಯೆಂದು ಅರ್ಥ. ಎರಡನೆಯದು ನನಗೆ ಬಹಳ ಜಾಣತನದ್ದೆನಿಸಿತು. ಬ್ಯಾಕ್ಟೀರಿಯಾಗಳ ಕೋಶಗೋಡೆಯಲ್ಲಿ ಬಲಗೈ ರೂಪದ ಅಲನಿನ್ ಸಹಜವಾಗಿಯೇ ಇದೆ. ಮನುಷ್ಯನ ಡೆಂಟಿನ್‌ನಲ್ಲಿ ಅಲನಿನ್ ಒಂದು ಆಯುಸ್ಸಿನಲ್ಲಿ ಹೇಳಿಕೊಳ್ಳುವಷ್ಟು ಹೊರಳುವುದಿಲ್ಲ. ಹಾಗಾಗಿ ಹಲ್ಲಿನಲ್ಲಿ ಬಲಗೈ ಅಲನಿನ್ ಜಾಸ್ತಿ ಸಿಕ್ಕಿತೆಂದರೆ ಕಳ್ಳರು ಮನೆಯೊಳಗೆ ಬಂದು ಹೋದ ಗುರುತು. ಅಂಥ ಹಲ್ಲಿನ ಅಸ್ಪಾರ್ಟಿಕ್ ಆಮ್ಲ ಯಾವ ವಯಸ್ಸು ಹೇಳಿದರೂ ಬದಿಗಿಡಬೇಕು.

ಇನ್ನು ನಿಲ್ಲುವ ಗಡಿಯಾರ. ಹಲ್ಲಿನ ಬೇರನ್ನು ಅಡ್ಡಕ್ಕೆ ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ಬೆಳಕು ಹಾಯಿಸಿದರೆ ಸಿಮೆಂಟಂನಲ್ಲಿ ತಿಳಿ ಮತ್ತು ಕಪ್ಪು ಗೆರೆಗಳು ಒಂದರ ಮೇಲೊಂದು ಕಾಣುತ್ತವೆ. ನೋಡಿದರೆ ಮರದ ದಿಮ್ಮಿಯ ಉಂಗುರಗಳು ನೆನಪಾಗುತ್ತವೆ. ಇದನ್ನು ಮೊದಲು ಬಳಸಿಕೊಂಡವರು ಮನುಷ್ಯರ ವೈದ್ಯರಲ್ಲ, ಪ್ರಾಣಿಗಳನ್ನು ಅಭ್ಯಾಸ ಮಾಡುತ್ತಿದ್ದವರು. ಸೀಲ್‌ಗಳ ಹಲ್ಲಿನ ಬೆಳವಣಿಗೆಯ ಪದರಗಳನ್ನು ಎಣಿಸಿ ವಯಸ್ಸು ಹೇಳಬಹುದೆಂದು 1950ರ ಸುಮಾರಿಗೆ ವಿಕ್ಟರ್ ಶೆಫರ್ ಮತ್ತು ರಿಚರ್ಡ್ ಲಾಸ್ ತೋರಿಸಿದರು. ಮನುಷ್ಯರ ಸಿಮೆಂಟಂಗೂ ಇದು ಸಲ್ಲುತ್ತದೆಂದು ಸ್ಟಾಟ್ ಮತ್ತು ಜೊತೆಗಾರರು 1982ರಲ್ಲಿ ವಾದಿಸಿದರು. ಒಂದು ತಿಳಿ, ಒಂದು ಕಪ್ಪು, ಎರಡೂ ಸೇರಿ ಒಂದು ವರ್ಷ. ಸೀಲ್‌ಗಳಲ್ಲಿ ಋತುಮಾನ, ಆಹಾರ ಬದಲಾಗುವುದು ಕಾರಣವೆನ್ನಬಹುದು. ವರ್ಷವಿಡೀ ಅದೇ ಅನ್ನ ಸಾರು ಉಣ್ಣುವ ಮನುಷ್ಯನಲ್ಲೂ ವರ್ಷಕ್ಕೊಂದು ಜೊತೆ ಗೆರೆ ಏಕೆ ಬೀಳುತ್ತದೆ ಎಂಬುದಕ್ಕೆ ಈ ಕ್ಷೇತ್ರದಲ್ಲಿ ಇನ್ನೂ ಒಮ್ಮತವಿಲ್ಲ.

ಎಣಿಕೆ ಮಾಡುವ ರೀತಿ ಸರಳ. ಕೆಳದವಡೆಯ ಎರಡನೆಯ ಮುಂದವಡೆ ಹಲ್ಲು ಸಿಕ್ಕಿತೆನ್ನಿ, ಕೋರೆಹಲ್ಲಿನಿಂದ ಹಿಂದಕ್ಕೆ ಎರಡನೆಯದು. ಅದು ಸುಮಾರು ಹನ್ನೊಂದು ಹನ್ನೆರಡನೆಯ ವಯಸ್ಸಿಗೆ ಹುಟ್ಟುತ್ತದೆ. ಬೇರಿನ ನಡುಭಾಗದಿಂದ ವಜ್ರದ ಗರಗಸದಲ್ಲಿ ಎಪ್ಪತ್ತು ಎಂಬತ್ತು ಮೈಕ್ರಾನ್ ದಪ್ಪದ, ಅಂದರೆ ಒಂದು ಕಾಗದದ ಹಾಳೆಯಷ್ಟು ತೆಳ್ಳಗಿನ ಹೋಳುಗಳನ್ನು ತೆಗೆಯುತ್ತಾರೆ. ಒಂದು ಹೋಳಿನಲ್ಲಿ 33 ಜೊತೆ, ಇನ್ನೊಂದರಲ್ಲಿ 35, ಮತ್ತೊಂದರಲ್ಲಿ 34 ಎಂದು ಬಂದರೆ ಮೂವತ್ತನಾಲ್ಕಕ್ಕೆ ಹನ್ನೊಂದೂವರೆ ಕೂಡಿಸಿ ನಲವತ್ತೈದು ನಲವತ್ತಾರು ಎನ್ನಬಹುದು. ಈ ಅಂಕಿಗಳು ಉದಾಹರಣೆಗಾಗಿ ನಾನು ಇಟ್ಟುಕೊಂಡವು. ಜೀವವಿದ್ದಾಗ ಮಾತ್ರ ಪದರ ಕಟ್ಟುತ್ತದೆ, ಸತ್ತ ದಿನ ಕೆಲಸ ನಿಂತಿತು. ಆಮೇಲೆ ನೆಲ ಎಷ್ಟೇ ಕಾದರೂ ಹೊಸ ಗೆರೆ ಹುಟ್ಟುವುದಿಲ್ಲ.

ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದು ಉರ್ಸುಲಾ ವಿಟ್ವರ್-ಬಾಕೋಫೆನ್, ಯುಟಾ ಗಾಂಪೆ ಮತ್ತು ಜೇಮ್ಸ್ ವೌಪೆಲ್. ವಯಸ್ಸು ಗೊತ್ತಿದ್ದ 363 ಹಲ್ಲುಗಳನ್ನು ನೋಡಿ 2004ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ತಪ್ಪು ಎರಡೂವರೆ ವರ್ಷದ ಎಲ್ಲೆಯೊಳಗಿತ್ತು. ಸ್ಪಿಟಲ್‌ಫೀಲ್ಡ್ಸ್‌ನ ಎಲುಬುಗಳ ಲೆಕ್ಕದ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಈ ತಂಡದಲ್ಲಿ ಜನಸಂಖ್ಯಾಶಾಸ್ತ್ರದವರೂ ಇದ್ದರೆಂಬುದು ಆಕಸ್ಮಿಕವಲ್ಲ. ವೌಪೆಲ್ ತಮ್ಮ ವೃತ್ತಿಜೀವನವನ್ನೆಲ್ಲ ಮನುಷ್ಯರು ಎಷ್ಟು ಕಾಲ ಬದುಕುತ್ತಾರೆ ಎಂಬ ಪ್ರಶ್ನೆಗೆ ಕೊಟ್ಟವರು. ಹಳೆಯ ಕಾಲದ ಮುದುಕರನ್ನು ಸರಿಯಾಗಿ ಎಣಿಸದೆ ಆ ಪ್ರಶ್ನೆ ಹಿಂದಕ್ಕೆ ಹೋಗಲಾರದು.

ಎಲ್ಲರೂ ಒಪ್ಪಿದರೆಂದಲ್ಲ. ಎರಡೇ ವರ್ಷದಲ್ಲಿ ರೆಂಟ್ಸ್ ಮತ್ತು ರಾಲ್ಫ್ ರಾಡ್ಲಾನ್‌ಸ್ಕಿ ಒಂದೇ ಹಲ್ಲಿನ ಬೇರೆ ಬೇರೆ ಹೋಳುಗಳಲ್ಲಿ ಗೆರೆಗಳ ಸಂಖ್ಯೆ ಬೇರೆ ಬೇರೆ ಬರುತ್ತದೆಂದು ತೋರಿಸಿ, ಇದನ್ನು ನಂಬಬಹುದೇ ಎಂದು ಕೇಳಿದರು. ಚಿತ್ರಗಳನ್ನು ನೋಡಿದವರಿಗೆ ಆ ಸಂಶಯ ಅರ್ಥವಾಗುತ್ತದೆ. ಪುಸ್ತಕದಲ್ಲಿ ಅಚ್ಚಾಗುವುದು ಯಾವಾಗಲೂ ಸೊಗಸಾದ ಚಿತ್ರ. ಹೆಚ್ಚಿನ ಹೋಳುಗಳಲ್ಲಿ ಗೆರೆಗಳು ಒಂದೆಡೆ ಎರಡಾಗಿ ಒಡೆಯುತ್ತವೆ, ಇನ್ನೊಂದೆಡೆ ಒಂದರೊಳಗೊಂದು ಸೇರುತ್ತವೆ, ಸೂಕ್ಷ್ಮದರ್ಶಕದ ಕೇಂದ್ರ ಸ್ವಲ್ಪ ತಿರುಗಿಸಿದರೆ ಕಪ್ಪಿದ್ದದ್ದು ತಿಳಿಯಾಗುತ್ತದೆ. ಮುದುಕರಲ್ಲಿ ಗೆರೆಗಳು ಒತ್ತೊತ್ತಾಗಿ ಕೂಡುತ್ತವೆ. ಆದ್ದರಿಂದ ವಯಸ್ಸು ತಿಳಿಯದ ಎಣಿಸುವವನು, ಹಲವು ಹೋಳು, ಹಲವು ಸಲ ಎಂಬುದು ನಿಯಮ. ಒಂದೇ ಹೋಳಿನಿಂದ ವಯಸ್ಸು ಹೇಳಿದ ಲೇಖನ ಕಂಡರೆ ನಾನು ಪುಟ ಮಗುಚುತ್ತೇನೆ.

ಎಣಿಕೆಗಿಂತ ಆಚೆಗೂ ಈ ಗೆರೆಗಳಲ್ಲಿ ಏನೋ ಇದೆ. ಪೀಟರ್ ಕಾಗೆರರ್ ಮತ್ತು ಗಿಸೆಲಾ ಗ್ರೂಪೆ 2001ರಲ್ಲಿ, ಬದುಕಿನ ವಿವರ ಗೊತ್ತಿದ್ದವರ ಹಲ್ಲುಗಳಲ್ಲಿ ಕೆಲವು ಗೆರೆಗಳು ಉಳಿದವುಗಳಿಗಿಂತ ಬೇರೆಯಾಗಿ ಕಾಣುತ್ತವೆಂದೂ ಅವು ಬಸಿರು, ಮೂತ್ರಪಿಂಡದ ಕಾಯಿಲೆ, ಎಲುಬು ಮುರಿತದಂಥ ವರ್ಷಗಳಿಗೆ ಹೊಂದುತ್ತವೆಂದೂ ಬರೆದರು. ದೇಹದ ಸುಣ್ಣದ ವ್ಯವಹಾರ ಏರುಪೇರಾದ ವರ್ಷ ಪದರ ಗಟ್ಟಿಯಾಗಿ ಕಟ್ಟುವುದಿಲ್ಲ. ಇದು ನಿಜವಾಗಿ ನಿಂತರೆ, ಹೆಸರಿಲ್ಲದ ಹೆಂಗಸೊಬ್ಬಳು ಯಾವ ವಯಸ್ಸಿಗೆ ಮೊದಲ ಮಗು ಹೊತ್ತಳೆಂಬುದು ಅವಳ ಹಲ್ಲಿನಲ್ಲೇ ಉಳಿದಿದೆ. ಆದರೆ ಗೆರೆ ನೋಡಿ ‘ಇದು ಬಸಿರು, ಅದು ಮುರಿತ’ ಎಂದು ಬೇರ್ಪಡಿಸಲು ಗೆರೆಯೊಂದೇ ಸಾಲದು. ಈ ಎಚ್ಚರ ಇಲ್ಲದೆ ಕಥೆ ಕಟ್ಟುವ ಆಸೆ ನನ್ನಂಥವರಿಗೆ ಬಹಳ.

ನಮ್ಮ ನೆಲದ ಹಲ್ಲುಗಳ ಮಾತಿಗೆ ಬಂದರೆ ಮೇಲಿನ ಲೆಕ್ಕವೇ ಅರ್ಧ ಉತ್ತರ ಹೇಳುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ ಬೃಹತ್ ಶಿಲಾಯುಗದ ಕಲ್ಲುಪೆಟ್ಟಿಗೆ ಸಮಾಧಿಗಳಲ್ಲಿ ಹಲವರ ಬಿಡಿ ಎಲುಬುಗಳು ಒಟ್ಟಾಗಿ ಸಿಕ್ಕಿದ್ದವು. ಅಂಥ ಕಡೆ ಪೂರ್ತಿ ಅಸ್ಥಿಪಂಜರ ನೋಡಿ ವಯಸ್ಸು ಹೇಳುವ ಮಾತೇ ಇಲ್ಲ. ಯಾರ ಸೊಂಟ ಯಾರದು, ಯಾರ ತಲೆ ಯಾರದು? ಬಿಡಿ ಹಲ್ಲೊಂದೇ ಒಬ್ಬ ವ್ಯಕ್ತಿಯನ್ನು ಪೂರ್ತಿಯಾಗಿ ಹೇಳಬಲ್ಲದ್ದು. ಆದರೆ ಆ ಬಯಲುಸೀಮೆಯ ನೆಲದ ಸರಾಸರಿ ಶಾಖ ಇಪ್ಪತ್ತೈದು ಡಿಗ್ರಿಯೆಂದು ಹಿಡಿದರೂ ಅಲ್ಲಿನ ಎಂಟು ವರ್ಷ ಬದುಕಿನ ಒಂದು ವರ್ಷಕ್ಕೆ ಸಮವಾಗುತ್ತದೆ. ಎರಡು ಸಾವಿರ ವರ್ಷ ಮಲಗಿದವರಿಗೆ ಇನ್ನೂರೈವತ್ತು ವರ್ಷ ಹೆಚ್ಚುವರಿ. ನಲವತ್ತರ ಮನುಷ್ಯ ಮುನ್ನೂರರ ಹತ್ತಿರ ಹೋಗುತ್ತಾನೆ. ಹೆಚ್ಚುವರಿಯನ್ನು ಕಳೆದರಾಯಿತಲ್ಲ ಎನ್ನಬಹುದು, ಆದರೆ ಕಳೆಯಬೇಕಾದ ಅಂಕಿಯಲ್ಲಿ ನೂರಕ್ಕೆ ಹತ್ತು ತಪ್ಪಾದರೂ ಇಪ್ಪತ್ತೈದು ವರ್ಷ ಹೋಯಿತು. ಅದೂ ಇಷ್ಟು ಶಾಖದಲ್ಲಿ ಅಳೆಯಲು ತಕ್ಕ ಪ್ರೋಟೀನು ಉಳಿದಿದ್ದರೆ ಎಂಬ ಮಾತು. ಅಲಾಸ್ಕದ ಹೆಂಗಸಿಗೆ ಸಂದದ್ದು ಬ್ರಹ್ಮಗಿರಿಯವರಿಗೆ ಸಲ್ಲುವುದಿಲ್ಲ.

ಉಳಿಯುವುದು ಸಿಮೆಂಟಂ. ಶಾಖಕ್ಕೆ ಅದರ ಎಣಿಕೆ ಬದಲಾಗದು, ಆದರೆ ಬೇರಿನ ಹೊರಮೈಯಲ್ಲಿರುವುದರಿಂದ ಮಣ್ಣಿನ ಹೊಡೆತ ಮೊದಲು ಬೀಳುವುದೂ ಅದಕ್ಕೇ. ಹುಳಿಮಣ್ಣು ಅದನ್ನು ಕರಗಿಸುತ್ತದೆ, ಸೂಕ್ಷ್ಮಜೀವಿಗಳು ಗೆದ್ದಲಿನಂತೆ ಸುರಂಗ ಕೊರೆಯುತ್ತವೆ, ಉತ್ಖನನದಲ್ಲಿ ಮಣ್ಣು ಬಿಡಿಸಲು ಗಟ್ಟಿಯಾಗಿ ಉಜ್ಜಿದ ಬ್ರಷ್ಷು ಕೂಡ ಹೊರಗಿನ ಗೆರೆಗಳನ್ನು ಕಿತ್ತೊಯ್ಯುತ್ತದೆ. ಹೊರಗಿನ ಗೆರೆಗಳೆಂದರೆ ಸಾವಿಗೆ ಹತ್ತಿರದ ವರ್ಷಗಳು. ಮುದುಕರ ಮುಪ್ಪೇ ಮೊದಲು ಅಳಿಸಿಹೋಗುತ್ತದೆ, ಮತ್ತೆ ಎಲ್ಲರೂ ನಡುವಯಸ್ಸಿಗೆ ಜಾರುತ್ತಾರೆ. ಇದನ್ನು ಪತ್ತೆಮಾಡಲು ಹೋಳಿನ ಹೊರ ಅಂಚನ್ನು ನೋಡಬೇಕು. ಗೆರೆಗಳು ಅಂಚಿಗೆ ಸಮಾನಾಂತರವಾಗಿ ಹರಿದು ಮುಗಿದರೆ ಹೊರಮೈ ಇದ್ದ ಹಾಗೇ ಉಳಿದಿದೆ. ಗೆರೆಗಳನ್ನು ಅಂಚು ಓರೆಯಾಗಿ ಕತ್ತರಿಸಿಕೊಂಡು ಹೋಗಿದ್ದರೆ ಅಲ್ಲಿ ವರ್ಷಗಳು ಕಳೆದಿವೆ, ಬೇರಿನ ಇನ್ನೊಂದು ಮಗ್ಗುಲಿನಲ್ಲಿ ಎಣಿಸಬೇಕು. ಎಲ್ಲ ಮಗ್ಗುಲೂ ಹಾಗೇ ಆಗಿದ್ದರೆ ‘ಕನಿಷ್ಠ ಇಷ್ಟು ವರ್ಷ’ ಎಂದಷ್ಟೇ ಬರೆದು ಬಿಡಬೇಕು.

ಈ ಎರಡು ವಿಧಾನಗಳಲ್ಲೂ ಹಲ್ಲನ್ನು ಕೊಯ್ಯಲೇಬೇಕು. ಕೊಯ್ದ ಹಲ್ಲು ಮತ್ತೆ ಹಲ್ಲಾಗುವುದಿಲ್ಲ. ಸಂಗ್ರಹಾಲಯಗಳು ಅನುಮತಿಗೆ ಹಿಂಜರಿಯುವುದು ನ್ಯಾಯವೇ. ಒಂದೇ ಹಲ್ಲಿನ ಬೇರಿನ ನಡುಭಾಗ ಸಿಮೆಂಟಂಗೆ, ಉಳಿದ ಡೆಂಟಿನ್ ಬೇರೆ ಪರೀಕ್ಷೆಗಳಿಗೆ ಎಂದು ಮೊದಲೇ ಹಂಚಿಕೊಂಡು, ಹಲ್ಲಿನ ಅಚ್ಚು ಮತ್ತು ಚಿತ್ರಗಳನ್ನು ತೆಗೆದಿಟ್ಟುಕೊಂಡೇ ಗರಗಸ ಎತ್ತಬೇಕು. ನನ್ನ ಪ್ರಬಂಧದ ಪ್ರಸ್ತಾವದಲ್ಲಿ ನಾನು ಕೇಳಿರುವುದು ಅಷ್ಟೇ: ಅಸ್ಪಾರ್ಟಿಕ್ ಆಮ್ಲ ಬೇಡ, ಹೊರ ಅಂಚು ಉಳಿದಿರುವ ಬೇರುಗಳನ್ನು ಮಾತ್ರ ಆರಿಸಿ ಸಿಮೆಂಟಂ ಎಣಿಸೋಣ, ಎಣಿಸಲಾಗದವನ್ನು ಎಣಿಸಲಾಗದವೆಂದೇ ಕೋಷ್ಟಕದಲ್ಲಿ ಬರೆಯೋಣ.